ಟೀ ಮೇಲಿನ ಹೊಗೆ ಯಾರದ್ದು?

ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಫೋಟೋ ತೆಗೆಯುವುದು ನಮ್ಮ ಯಜಮಾನರ ಕೆಲಸ, ಕತ್ತಲ ಕೋಣೆಯಲ್ಲಿ ತೊಳೆಯುವುದು, ಪ್ರಿಂಟ್ ಹಾಕುವುದು ನನ್ನದು. ಚೆನ್ನಾಗಿ ಬಂದ ಫೋಟೋ ಅವರದ್ದು, ಕೆಟ್ಟದ್ದೆಲ್ಲ 'ತೊಳೆಯೋದರಲ್ಲಿ ಹೋಯ್ತು' ಎಂದು ನನ್ನ ಲೆಕ್ಕಕ್ಕೆ. ನಾನು ತೆಗೆದದ್ದು ಎಂದು ಒಂದು ಫೋಟೋವಾದರೂ ಗೋಡೆಯ ಮೇಲಿರಲಿ ಎಂಬ ಹಟ ನನ್ನಲ್ಲಿ ಆಗಲೇ ಹುಟ್ಟಿತ್ತು.

ಒಂದು ದಿನ ಸಕ್ಕರೆ ಕಾರ್ಖಾನೆ ರಸ್ತೆಯ ಹೋಟೆಲಿನವರು ಬಂದರು. ಅವರ ಟೀ ಆರಿದ ಟೀ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಗೋಡೆಗೊಂದು ದೊಡ್ಡ ಫೋಟೋ ಬೇಕಂತೆ, ಅದರಲ್ಲಿ ಟೀಯಿಂದ ಹೊಗೆ ಏಳುತ್ತಿರಬೇಕಂತೆ. ಯಜಮಾನರು ಮದುವೆಯೊಂದಕ್ಕೆ ಕೆ.ಆರ್.ಪೇಟೆಗೆ ಹೊರಟಿದ್ದರು. "ನಾ ತೆಗೀತೀನಿ" ಅಂದೆ. ಹಳೇ ಡಬ್ಬಿ ಕ್ಯಾಮೆರಾ ಕೊಟ್ಟು, "ಕೆಡಿಸ್ಬುಟ್ಟೀಯಾ, ಉಷಾರು" ಎಂದು ಹೋದರು.

ಆ ಕ್ಯಾಮೆರಾದಲ್ಲಿ ಮೇಲಿನಿಂದ ಬಗ್ಗಿ ಗಾಜು ನೋಡಬೇಕು. ರೀಲು ತಿರುಗಿಸದೆ ಇನ್ನೊಮ್ಮೆ ಒತ್ತಿದರೆ ಎರಡು ಚಿತ್ರ ಒಂದರ ಮೇಲೊಂದು ಬೀಳುತ್ತವೆ. ಆರಿದ ಟೀಯಿಂದ ಹೊಗೆ ಏಳದು, ಅದನ್ನು ಬೇರೆ ತೆಗೆದು ಕಪ್ಪಿನ ಮೇಲೆ ಬೀಳಿಸೋಣ ಎಂದುಕೊಂಡೆ. ಬಿಳಿ ಗೋಡೆಯ ಮುಂದೆ ಹೊಗೆ ಕಾಣುವುದಿಲ್ಲ, ಕತ್ತಲ ಹಿನ್ನೆಲೆ ಬೇಕು. ಹಾಗಾಗಿ ಹೋಟೆಲಿನ ಕಿಟಕಿ ಪಕ್ಕ ಅತ್ತೆಯವರ ಕರಿ ಕಂಬಳಿ ನೇತುಹಾಕಿ ಟೀ ಕಪ್ಪಿನ ಫೋಟೋ ತೆಗೆದೆ. ಗಾಜಿನ ಮೇಲೆ ಕಪ್ಪಿನ ಬಾಯಿ ಇದ್ದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಸ್ಟುಡಿಯೋಗೆ ಬಂದು, ಅದೇ ಕಂಬಳಿಯ ಮುಂದೆ ಒಂದು ಗಂಧದಕಡ್ಡಿ ಹಚ್ಚಿ, ಗುರುತಿನ ನೇರಕ್ಕೆ ಹೊಗೆ ಬರುವಂತಿಟ್ಟು, ಬಲಗಡೆ ದೀಪ ಹಾಕಿ ಎರಡನೇ ಸಲ ಒತ್ತಿದೆ. ಗಾಜಿನಲ್ಲಿ ಕಪ್ಪಿಗೆ ಬೆಳಕು ಬಲಗಡೆಯಿಂದಲೇ ಬಿದ್ದಿತ್ತಲ್ಲ!

ಪ್ರಿಂಟ್ ನೋಡಿದ ಹೋಟೆಲಿನವರು ಮುಖ ಗಂಟಿಕ್ಕಿದರು. "ಇದೇನವ್ವಾ, ಟೀಗೆ ತಿಥಿ ಮಾಡ್ಬುಟ್ಟಿದ್ದೀಯಾ? ಗಂಧದಕಡ್ಡಿ ಹೊಗೆ ನಮಗೆ ಗೊತ್ತಾಗಾಕಿಲ್ವಾ? ಒಂದು ಹಾರ ಹಾಕ್ಬುಟ್ರೆ ಮುಗೀತು! ಅಲ್ದೆ ನಮ್ಮ ಕಿಟಕಿ ಇರೋದು ಎಡಕ್ಕೆ. ಹೊಗೆ ಬಲಗಡೆಯಿಂದ ಯಾಕ್ ಹೊಳೀತದೆ?"

ಮದುವೆಯಿಂದ ಬಂದಿದ್ದ ಯಜಮಾನರು ತಕ್ಷಣ, "ನಾನಲ್ಲ ಕಣಣ್ಣೋ, ಇವ್ಳು ತೆಗ್ದಿದ್ದು" ಅಂದರು. ಆಮೇಲೆ ನನ್ನತ್ತ ತಿರುಗಿ ನಗುತ್ತಾ, "ಆ ಗಾಜು ಎಡ ಬಲ ತಿರುಗಿಸಿ ತೋರಿಸ್ತದೆ ಕಣೇ. ಯೋಳೋದು ಮರ್ತ್ಬುಟ್ಟಿದ್ದೆ" ಅಂದರು. ಮರೆತಿದ್ದರೋ, ಬೇಕೆಂದೇ ಹೇಳಲಿಲ್ಲವೋ! ನನಗೆ ಮೈಯೆಲ್ಲ ಉರಿಯಿತು.

ಮಾರನೇ ಬೆಳಗ್ಗೆ ನಾನೊಬ್ಬಳೇ ಹೋಟೆಲಿಗೆ ಹೋದೆ. ಇನ್ನೂ ಚಳಿಯಿತ್ತು, ಆವಿ ದಟ್ಟವಾಗಿ ಕಾಣುವ ಹೊತ್ತು. ಮತ್ತೆ ಕಂಬಳಿ ಕಟ್ಟಿ, ಹೋಟೆಲಿನ ಹುಡುಗನ ಕೈಲಿ ಮೇಜನ್ನು ಸ್ವಲ್ಪ ಮುಂದೆ ಎಳೆಸಿದೆ, ಬೆಳಕು ಎಡಗಡೆ ತುಸು ಹಿಂದಿನಿಂದ ಬರಲೆಂದು. ಮೊದಲು ಟೀ ಕಪ್ಪಿಗೆ ಒಂದು ಸಲ ಒತ್ತಿದೆ. ಆಮೇಲೆ ಕಪ್ಪನ್ನೂ ಮೇಜನ್ನೂ ತೆಗೆಸಿ, ಅಲ್ಲೇ ಕೆಳಗೆ, ಕ್ಯಾಮೆರಾಗೆ ಕಾಣದಂತೆ ಕುದಿಯುತ್ತಿದ್ದ ಇಡ್ಲಿ ಪಾತ್ರೆ ಇಡಿಸಿದೆ. ಮುಚ್ಚಳ ಓರೆ ಮಾಡಿಸಿದ ಕೂಡಲೇ ಆವಿ ಮೇಲೆದ್ದು, ಮೇಲೆ ಹೋದಂತೆ ಅಗಲವಾಗಿ, ಹಾಗೇ ಕರಗಿತು. ಗಂಧದಕಡ್ಡಿಯ ಹೊಗೆಯಂತೆ ದಾರ ಎಳೆಯಲಿಲ್ಲ. ಅದೇ ಕಿಟಕಿ, ಅದೇ ಬೆಳಕು. ಆವಿ ಕಲಸಿಹೋಗದಿರಲೆಂದು ಈ ಸಲ ಶಟರಿನ ವೇಗ ಹೆಚ್ಚಿಸಿ ಒತ್ತಿದೆ.

ಪ್ರಿಂಟ್ ಟ್ರೇಯಲ್ಲಿ ಮೂಡುತ್ತಿದ್ದಂತೆ ಒಬ್ಬಳೇ ನಕ್ಕೆ. ಟೀ ಈಗಷ್ಟೇ ಒಲೆಯಿಂದ ಇಳಿದಂತಿತ್ತು.

ಅದು ಹೋಟೆಲಿನ ಗೋಡೆ ಹತ್ತಿತು. ನೋಡಿದವರೆಲ್ಲ ಬಾಯ್ತುಂಬ ಹೊಗಳುವವರೇ. ಯಜಮಾನರು ಅಲ್ಲೇ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, "ಹೊಗೆ ಇಡಿಯೋದು ಸುಮ್ಕಲ್ಲ ಕಣ್ಲಾ, ಕೈಯಾಗೆ ಕಲೆ ಇರ್ಬೇಕು" ಎಂದು ಕೇಳಿದವರಿಗೆಲ್ಲ ಪಾಠ ಹೇಳುತ್ತಿದ್ದರಂತೆ. ತೆಗೆದವಳು ಯಾರೆಂದು ಒಬ್ಬರೂ ಕೇಳಲಿಲ್ಲ. ನನಗದು ನುಂಗಲಾರದ ತುತ್ತಾಗಿತ್ತು.

ವಾರ ಕಳೆಯುವಷ್ಟರಲ್ಲಿ ಹೋಟೆಲಿನವರು ಸ್ಟುಡಿಯೋಗೆ ಧಾವಿಸಿ ಬಂದರು. "ಏನ್ ಫೋಟೋ ಕೊಟ್ಟೆ ಮಾರಾಯಾ! ಬಂದೋರೆಲ್ಲ ಕಪ್ಪು ವಾಪಸ್ ತಳ್ತಾವ್ರೆ. ಇದು ಬ್ಯಾಡ, ಗೋಡೆ ಮೇಲಿರೋ ಟೀ ಕೊಡಿ ಅಂತಾವ್ರೆ! ಆ ಹೊಗೆ ಅಳಿಸ್ಬುಡು."

ಯಜಮಾನರು ಕೈ ಮುಗಿದು ಎರಡು ಹೆಜ್ಜೆ ಹಿಂದೆ ಸರಿದರು. "ಅಣ್ಣಾ, ದೇವ್ರಾಣೆಗೂ ನಾನಲ್ಲ. ಇವ್ಳೇ ತೆಗ್ದಿದ್ದು!"

ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕಾದಿದ್ದ ನಾಲ್ಕು ಜನರೂ ನನ್ನತ್ತ ತಿರುಗಿದರು. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಊಂ, ನಾನೇ ತೆಗ್ದಿದ್ದು. ಕಪ್ಪೂ ಹೊಗೆಯೂ ಒಂದೇ ಫಿಲ್ಮಲ್ಲಿ ಕೂತವೆ, ಅಳಿಸಾಕಾಗಕಿಲ್ಲ. ನೀವೇ ಟೀ ಬಿಸಿ ಮಾಡ್ಕೊಡಿ ಅಣ್ಣಾ."