ಉಪ್ಪಿನ ಲಸ್ಸಿಯ ಲೆಕ್ಕ

ಸಾಲಿಗೆ ಹೋಗಿ ಬರಲು ನನಗೆ ದಿನಕ್ಕೆ ನಾಲ್ಕು ಬಸ್ಸು ಬೇಕು. ಇಳಕಲ್‌ನಿಂದ ಹುನಗುಂದ, ಅಲ್ಲಿಂದ ನಾನು ಕಲಿಸುವ ಹಳ್ಳಿಯ ಶಾಲೆ. ಸಂಜೆ ಮತ್ತೆ ಅದೇ ದಾರಿ. ಒಂದೊಂದು ಬಸ್ಸಿಗೂ ಮೂರು ಮೆಟ್ಟಿಲು. ಬಲಗಾಲ ಮೊಣಕಾಲು ಸವೆದ ಮೇಲೆ ನನಗೆ ದಾರಿ ನೆನಪಿರುವುದಿಲ್ಲ, ಮೆಟ್ಟಿಲಷ್ಟೇ ನೆನಪಿರುತ್ತವೆ.

ಬಾಗಲಕೋಟೆಯ ದವಾಖಾನೆಯ ಡಾಕ್ಟರು ಮೊಣಕಾಲು ಬದಲಿಸೋಣ ಎಂದಿದ್ದರು, ಆದರೆ ಮೊದಲು ಎಂಟು ಕಿಲೋ ಇಳಿಸಬೇಕು. ಬೇಸಿಗೆ ರಜೆಯಲ್ಲಿ ಮಾಡಿಸಿಕೊಂಡರೆ ಸಾಲಿ ತೆರೆಯುವ ಹೊತ್ತಿಗೆ ಓಡಾಡಬಹುದು. ಕೈಯಲ್ಲಿ ಆರು ತಿಂಗಳಿತ್ತು. ಅಲ್ಲಿನ ಡಯಟಿಶಿಯನ್ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು, ಒಂದು ಹಾಳೆ ಬರೆದುಕೊಟ್ಟಳು. ರಾತ್ರಿ ರೊಟ್ಟಿ ಮೂರರ ಬದಲು ಒಂದು. ಸಕ್ಕರೆ ಬೇಡ. ಕೊನೆಯ ಸಾಲಿನಲ್ಲಿ, ಮಜ್ಜಿಗೆ ಬೇಕಾದಷ್ಟು.

ಆ ಕೊನೆಯ ಸಾಲು ಓದಿ ನನಗೆ ಜೀವ ಬಂತು. ಹುನಗುಂದದ ಬಸ್‌ಸ್ಟ್ಯಾಂಡಿನ ಎದುರು ಒಂದು ಲಸ್ಸಿ ಅಂಗಡಿ ಇದೆ. ಶನಿವಾರಕ್ಕೊಮ್ಮೆ ಅಲ್ಲಿ ಸಿಹಿ ಲಸ್ಸಿ ಕುಡಿಯುವುದು ನನ್ನ ವಾರದ ಏಕೈಕ ಚೈನಿ. ಸಿಹಿ ಬಿಟ್ಟೆ, ಉಪ್ಪಿನದಕ್ಕೆ ತಿರುಗಿದೆ. ಸಕ್ಕರೆ ಇಲ್ಲದ ಮೇಲೆ ಅದು ಮಜ್ಜಿಗೆಯೇ ತಾನೆ? ನಮ್ಮ ಕಡೆ ಮಜ್ಜಿಗೆ ಊಟದ ಲೆಕ್ಕಕ್ಕೆ ಬರುವುದೇ ಇಲ್ಲ, ಬಾಯಾರಿಕೆಯ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಶನಿವಾರ ಹೋಗಿ, ರವಿವಾರ ಬಿಟ್ಟು ದಿನಾ ಸಂಜೆಯಾಯಿತು. ಸೋಮವಾರ ಒಪ್ಪತ್ತು, ಹೊಟ್ಟೆ ಖಾಲಿ, ಅವತ್ತು ಎರಡು. ಅಂಗಡಿಯವರಿಗೆ ನನ್ನ ಸಂಕಟವನ್ನೆಲ್ಲ ಹೇಳಿದ್ದೆ. ನಾನು ಬಸ್ಸಿಳಿಯುವುದನ್ನು ಕಂಡೇ ಅವರು ಕಡೆಯಲು ಶುರು ಮಾಡುತ್ತಿದ್ದರು. ಮೊಣಕಾಲು ಚಾಚಿ ಕೂರಲು ಒಂದು ಬೆಂಚು ಖಾಲಿ ಇಡುತ್ತಿದ್ದರು. ಖರೆ ಹೇಳಬೇಕೆಂದರೆ, ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಕಾಯುತ್ತಿದ್ದುದು ಅಲ್ಲೊಂದೇ ಕಡೆ.

ರಾತ್ರಿ ಮನೆಯವರೆಲ್ಲ ಎಣ್ಣೆಗಾಯಿ ಪಲ್ಲೆಗೆ ರೊಟ್ಟಿ ಮುರಿಯುವಾಗ ನಾನು ಒಂದೇ ರೊಟ್ಟಿ ಜಗಿದು ಎದ್ದುಬಿಡುತ್ತಿದ್ದೆ. ಹಸಿವಿಗಿಂತ ಆ ಏಳುವುದೇ ದಣಿವು.

ಮಾರ್ಚ್ ಕೊನೆಗೆ ಬಾಗಲಕೋಟೆಗೆ ಹೋದೆ. ತಕ್ಕಡಿ ಎಂಬತ್ತನಾಲ್ಕರಿಂದ ಎಂಬತ್ತೆರಡಕ್ಕೆ ಬಂದಿತ್ತು, ಅಷ್ಟೇ. ಬಿ.ಪಿ. ಮಾತ್ರ ಏರಿತ್ತು. ಹುಡುಗಿ ಬೈಯಲಿಲ್ಲ. ಬೆಳಗ್ಗೆಯಿಂದ ರಾತ್ರಿಯವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿಸಿದಳು. ನಾನು ಎಲ್ಲ ಹೇಳಿದೆ, ಲಸ್ಸಿಯನ್ನು ಬಿಟ್ಟು. ಮುಚ್ಚಿಡಬೇಕೆಂದಲ್ಲ, ಅದು ಹೇಳುವಂಥದು ಅನಿಸಲೇ ಇಲ್ಲ. ಕುಡಿಯುವುದೇನು ಎಂದು ಕೇಳಿದಾಗ ಬಾಯಿಬಿಟ್ಟೆ.

ಆಕೆ ಪೆನ್ನು ಕೆಳಗಿಟ್ಟಳು. “ಅಕ್ಕೋರ, ಅದು ಮಜ್ಜಿಗಿ ಅಲ್ರಿ. ಅದು ಮೊಸರು.”

ಆಮೇಲೆ ಬರೆದು ತೋರಿಸಿದಳು. ದೊಡ್ಡ ಗ್ಲಾಸಿಗೆ ಪಾವು ಕಿಲೋ ಎಮ್ಮೆ ಮೊಸರು, ಮೇಲೆ ಕೆನೆ, ಹೆಚ್ಚುಕಡಿಮೆ ಮುನ್ನೂರು ಕ್ಯಾಲೊರಿ. ಸಿಹಿ ಲಸ್ಸಿಗೆ ನಾಲ್ಕು ಚಮಚ ಸಕ್ಕರೆ, ಚಮಚಕ್ಕೆ ಇಪ್ಪತ್ತರಂತೆ ಇನ್ನೊಂದು ಎಂಬತ್ತು. ನಾನು ಉಳಿಸಿದ್ದು ಆ ಎಂಬತ್ತು ಮಾತ್ರ. ಬೆಣ್ಣೆ ತೆಗೆದು ನೀರು ಬೆರೆಸಿದ ಮಜ್ಜಿಗೆಯಾದರೆ ಒಂದು ಗ್ಲಾಸಿಗೆ ಮೂವತ್ತು ನಾಲ್ವತ್ತು. ಮೊದಲು ವಾರಕ್ಕೆ ಒಂದು ಸಿಹಿ, ಈಗ ವಾರಕ್ಕೆ ಏಳು ಉಪ್ಪು. ರಾತ್ರಿ ಎರಡು ರೊಟ್ಟಿ ಬಿಟ್ಟು, ಸಂಜೆ ಎರಡೂವರೆ ರೊಟ್ಟಿಯಷ್ಟನ್ನು ಕುಡಿದಿದ್ದೆ. ಮೇಲಿಂದ ಗ್ಲಾಸಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಸಾಕಾಗುವುದರ ಅರ್ಧ ಅದರಲ್ಲೇ. ವಾರಕ್ಕೊಂದು ಸಣ್ಣ ಗ್ಲಾಸು ಸಿಹಿಯನ್ನೇ ಕುಡಿದು, ಅವತ್ತು ಅದನ್ನು ಲೆಕ್ಕಕ್ಕೆ ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ ಎಂದಳು. ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವಳು ನಾನು. ನಾಚಿಕೆಯಾಯಿತು.

ಡಾಕ್ಟರು ಮೆತ್ತಗೆ, ಈ ಸಲ ಬೇಡ, ಮುಂದಿನ ವರ್ಷದ ಬೇಸಿಗೆಗೆ ನೋಡೋಣ ಎಂದರು.

ಬರುವಾಗ ಹುನಗುಂದದಲ್ಲಿ ಇಳಿದೆ. ಅಂಗಡಿಯವರು ಆಗಲೇ ಗ್ಲಾಸು ತುಂಬಿ ಇಟ್ಟಿದ್ದರು, ಮೇಲೆ ಬೆರಳು ದಪ್ಪ ಕೆನೆ. ಇಷ್ಟು ಕೆನೆ ಯಾಕೆ ಹಾಕುತ್ತೀರಿ ಎಂದು ಮೊದಲ ಬಾರಿಗೆ ಕೇಳಿದೆ.

“ಸಕ್ರಿ ಬಿಟ್ಟೀರಲ್ರಿ ಅಕ್ಕೋರ. ನಿಮಗ ಶಕ್ತಿ ಬರ್ಲಿ ಅಂತ ನಾನ ಒಂದ್ ಪದರ ಜಾಸ್ತಿ ಹಾಕ್ತೇನ್ರಿ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆರು ತಿಂಗಳು ಅವರು ನನಗಾಗಿ ಕೆನೆ ತೆಗೆದಿಟ್ಟಿದ್ದರು. ಇವತ್ತು ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ, ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಗ್ಲಾಸು ನನ್ನ ಪಕ್ಕದಲ್ಲೇ ಬೆವರುತ್ತಿತ್ತು.

ಇಳಕಲ್ ಬಸ್ಸು ಬಂತು. ಬೇಗ ಹತ್ತಿ ಎಂದು ಕಂಡಕ್ಟರು ಕೂಗಿದ. ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಎಡಗಾಲು ಇಟ್ಟೆ, ಬಲಗಾಲನ್ನು ಕೈಯಿಂದ ಎತ್ತಿ ಅದರ ಪಕ್ಕಕ್ಕೆ ತಂದೆ. ಇನ್ನೆರಡು ಮೆಟ್ಟಿಲಿದ್ದವು. ನಾಳೆ ಹನ್ನೆರಡು.