ಟ್ಯಾಂಕಿನ ಹಿಂದಿನ ಚಂದ್ರ

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದಿದ್ದಷ್ಟೂ ಕನ್ನಡದಲ್ಲೇ. ಹಾಗಾಗಿ ಮನೆಯಲ್ಲಿ ಉರ್ದು ಆಡಿದರೂ, ತಪ್ಪೊಪ್ಪಿಕೊಳ್ಳೋದಿದ್ದರೆ ಕನ್ನಡದಲ್ಲೇ ಬರೆಯಬೇಕು. ತಪ್ಪು ನನ್ನದು, ಪೆಟ್ಟು ತಿಂದಿದ್ದು ತಮ್ಮ.

ಎಪ್ಪತ್ತರ ದಶಕದ ಕೊನೆ. ಯಶವಂತಪುರದ ನಮ್ಮ ಗಲ್ಲಿಯಲ್ಲಿ ರಂಜಾನಿನ ಚಂದ್ರನನ್ನು ಮೊದಲು ಕಾಣುವವನು ನನ್ನ ತಮ್ಮ. ಟೈಲರ್ ಅಂಗಡಿಯಲ್ಲಿ ಕಾಜಾ ಹೊಲೀತಿದ್ದ. ಕಣ್ಣು ಅಷ್ಟು ಚುರುಕು. ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ತಾರಸಿ ಮೇಲೆ ಪಡುವಣ ನೋಡುತ್ತಾ "ಕಂಡ!" ಅಂತ ಅವನು ಕೂಗಿದರೆ, ಮಸೀದಿಯ ಹಿರಿಯರು ಅವನ ಮಾತಿನ ಮೇಲೆ ಮಾರನೇ ದಿನ ಈದ್ ಅನ್ನುತ್ತಿದ್ದರು. ಕಾಣದಿದ್ದರೆ ಇನ್ನೊಂದು ದಿನ ಉಪವಾಸ. ನನ್ನ ಮಾತಿನ ಮೇಲೆ ಯಾರೂ ಒಂದು ಟೀ ಕೂಡ ಕೊಡಿಸುತ್ತಿರಲಿಲ್ಲ.

ನಾನು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಆ ವರ್ಷ ಇಪ್ಪತ್ತೇಳನೇ ದಿನ ಬೆಳಗಿನ ಜಾವ ಸೆಹರಿ ಊಟ ಮುಗಿಸಿ ಹೊರಗೆ ಬಂದಾಗ, ರೈಲ್ವೆ ನೀರಿನ ಟ್ಯಾಂಕಿನ ಮೇಲೆ ಸಣ್ಣ ಚಂದ್ರ ದೋಣಿ ಹಾಗೆ ಕೂತಿದ್ದ. ರಾತ್ರಿ ಮನೆಗೆ ತಂದಿದ್ದ ಮಾಲೀಕರ ಕ್ಯಾಮೆರಾ ಕೈಯಲ್ಲೇ ಇತ್ತು. ಒಂದು ಹೊಡೆದೆ.

ಎರಡು ದಿನದ ನಂತರ, ಇಪ್ಪತ್ತೊಂಬತ್ತರ ಸಂಜೆ, ಮೋಡ. ತಮ್ಮನಿಗೂ ಏನೂ ಕಾಣಲಿಲ್ಲ. ನನ್ನ ತಲೆಗೆ ಶೈತಾನ್ ಹೊಕ್ಕಿದ್ದು ಆಗಲೇ. ನಮ್ಮ ಊರಲ್ಲಿ ಬೆಳಗಿನ ಮುದಿ ಚಂದ್ರನೂ ಸಂಜೆಯ ಎಳೆ ಚಂದ್ರನೂ ಒಂದೇ ಥರ ಅಂಗಾತ ಮಲಗುತ್ತಾರೆ. ಯಾರಿಗೆ ಗೊತ್ತಾಗುತ್ತೆ? ಡಾರ್ಕ್ ರೂಮಿಗೆ ಓಡಿ ದೊಡ್ಡ ಪ್ರಿಂಟ್ ಹಾಕಿ, ಒದ್ದೆ ಕಾಗದ ಹಿಡಿದುಕೊಂಡು ಮಸೀದಿ ಬಾಗಿಲಿಗೆ ಬಂದೆ.

"ಮೋಡ ಸರಿದಾಗ ಸಿಕ್ತು ಚಾಚಾ. ಇವನೂ ನೋಡ್ದ" ಅಂತ ಪಕ್ಕದಲ್ಲಿದ್ದ ತಮ್ಮನ ಹೆಗಲ ಮೇಲೆ ಕೈ ಇಟ್ಟೆ.

ತಮ್ಮ ನನ್ನ ಮುಖ ನೋಡಿದ. ಅಣ್ಣನ ಮರ್ಯಾದೆ ಉಳಿಸಲು "ಹೌದು" ಅಂದ. ಅವನ ಜೀವನದ ಮೊದಲ ಸುಳ್ಳು ಇರಬೇಕು, ಕಿವಿ ಕೆಂಪಾಗಿತ್ತು.

ಚಾಚಾ, ಮಸೀದಿಯ ಹಿರಿಯರಲ್ಲಿ ಒಬ್ಬರು, ರೈಲ್ವೆ ಗೂಡ್ಸ್ ಶೆಡ್ಡಿನಿಂದ ರಿಟೈರ್ ಆದವರು, ಫೋಟೋವನ್ನು ಬಲ್ಬಿಗೆ ಹಿಡಿದರು. "ಏನಯ್ಯಾ, ಇಷ್ಟು ದಪ್ಪ? ಮೊದಲನೇ ಚಂದ್ರ ಅಂದ್ರೆ ದಾರ ಇದ್ದಂಗೆ ಇರ್ಬೇಕು. ಇವನು ಉಂಡು ತೇಗಿದಂಗಿದಾನೆ."

ಎದುರಿನ ದಿನಸಿ ಅಂಗಡಿ ಶೆಟ್ಟರು ಗೋಡೆ ಕ್ಯಾಲೆಂಡರ್ ನೋಡಿ ಕೂಗಿದರು: "ಇವತ್ತು ಮಧ್ಯಾಹ್ನವಷ್ಟೇ ಅಮಾವಾಸ್ಯೆ ಬಿಟ್ಟಿದೆ ಕಣ್ರೀ! ಸಂಜೆಗೇ ಇಷ್ಟು ದಪ್ಪ ಆಗಕ್ಕೆ ಏನ್ ತಿಂದ? ಈ ದಪ್ಪ ಬೇಕಂದ್ರೆ ಮುಂದೆ ತದಿಗೆ ತನಕ ಕಾಯ್ಬೇಕು. ಇಲ್ಲಾಂದ್ರೆ ಮೊನ್ನೆ, ತ್ರಯೋದಶಿ ಬೆಳಗ್ಗೆ ನೋಡಿರ್ಬೇಕು."

ನಾನು ಫೋಟೋದಲ್ಲಿದ್ದ ಟ್ಯಾಂಕ್ ತೋರಿಸಿದೆ. "ನೋಡಿ, ನಮ್ಮ ಗಲ್ಲಿದೇ."

"ಅದೇ ಮಗಾ," ಚಾಚಾ ನಿಧಾನಕ್ಕೆ ಅಂದರು, "ಈ ಟ್ಯಾಂಕ್ ಹಿಂದೆ ದಿನಾ ಸೂರ್ಯ ಹುಟ್ತಾನೆ. ಎಂದಾದ್ರೂ ಮುಳುಗಿದ್ದು ನೋಡಿದೀಯಾ?"

ಗಲ್ಲಿಯೆಲ್ಲ ನಕ್ಕಿತು. ಆಗಲೂ ಒಪ್ಪಿಕೊಳ್ಳಬಹುದಿತ್ತು. ನಾನು ಹೇಳಿದ್ದು: "ಇವನೇ ಚಂದ್ರ ಅಂದ, ನಾನು ಬಟನ್ ಒತ್ತಿದೆ ಅಷ್ಟೇ."

ತಮ್ಮ ತಲೆ ತಗ್ಗಿಸಿ ಮನೆ ಕಡೆ ನಡೆದ; ಸುಳ್ಳುಗಾರ ಅನ್ನೋ ಹೆಸರು ಅವನ ಪಾಲಿಗೇ ಬಂತು.

ಮುಂದಿನ ವರ್ಷ ಇಪ್ಪತ್ತೊಂಬತ್ತಕ್ಕೆ ಮತ್ತೆ ಮೋಡ. ಎಲ್ಲರೂ ಕೆಳಗಿಳಿದ ಮೇಲೆ ತಮ್ಮ ಮೆಟ್ಟಿಲು ಹಾರಿ ಬಂದ. ಪಡುವಣದಲ್ಲಿ ಮೋಡದ ಸಂದಿಯಲ್ಲಿ ಚಂದ್ರನ ಒಂದು ಎಳೆ ಕಂಡಿದ್ದಾನೆ. ಅಮಾವಾಸ್ಯೆ ಹಿಂದಿನ ದಿನವೇ ಮುಗಿದಿದೆ, ಕಾಣಬಹುದು ಅಂತ ಶೆಟ್ಟರೂ ದನಿಗೂಡಿಸಿದರು. ಆದರೆ ಬೇಕಿದ್ದದ್ದು ಶೆಟ್ಟರ ಲೆಕ್ಕವಲ್ಲ, ನಂಬುವಂಥ ಸಾಕ್ಷಿ.

"ಫೋಟೋ ಎಲ್ಲಪ್ಪಾ?" ಯಾರೋ ಕೇಳಿದರು. ಮತ್ತೆ ನಗು. ಚಾಚಾ ನಗಲಿಲ್ಲ, ತಲೆಯಾಡಿಸಿದರು. "ಒಂದ್ಸಲ ಸುಳ್ಳು ಹೇಳಿದವನ ಮಾತಿನ ಮೇಲೆ ಊರಿನ ಉಪವಾಸ ಬಿಡಿಸಕ್ಕಾಗಲ್ಲ."

ತಮ್ಮ ನನ್ನ ಕಡೆ ನೋಡಿದ. ನಾನು ಬಾಯಲ್ಲಿ ಖರ್ಜೂರ ಇಟ್ಟುಕೊಂಡಿದ್ದೆ. ಆ ಸುಳ್ಳು ನನ್ನದು ಅನ್ನಲು ಖರ್ಜೂರ ನುಂಗಿದರೆ ಸಾಕಿತ್ತು. ಬೀಜ ಕೂಡ ಉಗಿಯದೆ ನಿಂತೆ.

ಮಾರನೇ ದಿನ ಇಡೀ ಗಲ್ಲಿ ಉಪವಾಸ ಇತ್ತು. ಸಂಜೆ ಮೋಡ ಹರಿಯಿತು. ಚಂದ್ರ ಎತ್ತರದಲ್ಲಿ, ದಪ್ಪಗೆ, ಕತ್ತಲಾದ ಮೇಲೂ ಇಳಿಯಲು ಅವಸರವಿಲ್ಲದವನ ಹಾಗೆ. "ಇದು ನೆನ್ನೇದು," ಚಾಚಾ ಅಂದರು. ಉಪವಾಸ ಮಾಡಬಾರದ ಈದ್ ದಿನವೇ ಉಪವಾಸ ಮಾಡಿದೆವಲ್ಲಾ ಅಂತ ಟೋಪಿ ತೆಗೆದು ತಲೆ ಒರೆಸಿಕೊಂಡರು. ಆದರೂ ತಮ್ಮನ ಹತ್ತಿರ ಯಾರೂ ಬಂದು ಮಾತಾಡಲಿಲ್ಲ.

ರಾತ್ರಿ ಅವನಿಗೆ ಹೇಳಿದೆ, "ಚಾಚಾಗೆ ನಿಜ ಹೇಳ್ತೀನಿ ಕಣೋ."

"ನೆನ್ನೆ ಹೇಳ್ಬೇಕಿತ್ತು ಭಾಯ್," ಅಂದ. ಸೂಜಿಗೆ ದಾರ ಪೋಣಿಸುತ್ತಿದ್ದ.

ಆಮೇಲೆ ಅವನು ಚಂದ್ರ ನೋಡಲು ತಾರಸಿ ಹತ್ತಲೇ ಇಲ್ಲ. ಹತ್ತುವವನು ನಾನೇ. ನನಗೆ ಏನೂ ಕಾಣುವುದಿಲ್ಲ. ಇಳಿದು ಬಂದು "ಇಲ್ಲ" ಅನ್ನುತ್ತೇನೆ, ಎಲ್ಲರೂ ನಂಬುತ್ತಾರೆ.