ಪೊರಕೆಗಳ ಸಾಲಿನಲ್ಲಿ ನಮ್ಮ ತೋರಣ

ನನ್ನ ನಾದಿನಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತದೆ. ನನಗೆ ಸಿಟ್ಟು ಬಂದರೆ ಮಾತು ಶುರುವಾಗುತ್ತದೆ. ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಒಂದೇ ಲಾವಂಚದ ರಾಶಿಯ ಆಚೀಚೆ ಕೂತು ಇಷ್ಟು ವರ್ಷ ಕೆಲಸ ಮಾಡಿಯೂ ನಮ್ಮ ನಡುವೆ ದೊಡ್ಡ ಜಗಳ ಆಗದಿರುವುದಕ್ಕೆ ಇದೇ ಕಾರಣ ಇರಬೇಕು.

ಕೆಲಸವೆಂದರೆ ತೋರಣ ಮಾಡುವುದು. ಲಾವಂಚದ ಬೇರನ್ನು ತೊಳೆದು ಒಣಗಿಸಿ, ಜಡೆಯಂತೆ ಹೆಣೆದು, ಅದಕ್ಕೆ ಕೆಂಪು ದಾರದ ಗಂಟು ಹಾಕಿ ಸಣ್ಣ ಕುಚ್ಚುಗಳನ್ನು ಇಳಿಬಿಟ್ಟರೆ ಬಾಗಿಲಿಗೆ ಕಟ್ಟುವ ತೋರಣ ಸಿದ್ಧ. ಮದುವೆ ಮನೆಗೂ ಆಗುತ್ತದೆ, ಸುಮ್ಮನೆ ಚಂದಕ್ಕೂ ಆಗುತ್ತದೆ. ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಮನೆಯೆಲ್ಲ ಘಮಘಮ. ಇದು ನನ್ನ ಅತ್ತೆಯ ಕೈಯ ವಿದ್ಯೆ. ಅವರು ತೀರಿಕೊಂಡ ಮೇಲೆ ಮಗಳು ಮುಂದುವರಿಸಿದಳು. ಹೆಣೆಯುವುದರಲ್ಲಿ ನಾನು ಅಷ್ಟಕ್ಕಷ್ಟೇ. ಕುಚ್ಚು ಕತ್ತರಿಸುವುದು ಮತ್ತು ಮಾರುವುದು ನನ್ನ ಪಾಲಿಗೆ ಬಂದಿತ್ತು.

ಮಾರುವುದು ಅಂತ ಬಾಯಿ ತುಂಬ ಹೇಳುತ್ತೇನೆ, ಕೊಳ್ಳುವವರು ಬೇಕಲ್ಲ! ಅಪ್ಸರಕೊಂಡ ಜಲಪಾತದ ದಾರಿಯಲ್ಲಿ ತೋರಣ ಹರಡಿಕೊಂಡು ಕೂರುತ್ತಿದ್ದೆ. ನೋಡಲು ಬಂದವರು ಕೈಗೆತ್ತಿಕೊಂಡು ಮೂಸುತ್ತಿದ್ದರು, 'ವಾವ್' ಅನ್ನುತ್ತಿದ್ದರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಎಳನೀರಿನ ಅಂಗಡಿಗೆ ನಡೆಯುತ್ತಿದ್ದರು. ಒಂದು ಮಳೆಗಾಲದ ಕೊನೆಗೆ ನಾದಿನಿ ಹೆಣೆಯುತ್ತಿದ್ದ ಕೈ ನಿಲ್ಲಿಸಿದಳು.

"ದೀಪಾವಳಿ ತನಕ ನೋಡ್ತೆ ಅತ್ತಿಗೆ. ಆಮೇಲೆ ಕುಮಟೆಯ ಗೇರುಬೀಜದ ಫ್ಯಾಕ್ಟರಿಗೆ ಹೋಗ್ತೆ. ಅಮ್ಮ ಜೀವಮಾನ ಇಡೀ ಹೆಣೆದ್ಲು. ನಮ್ಮನೆ ಬಾಗಿಲು ಬಿಟ್ರೆ ಇವತ್ತು ಯಾರ ಮನೆ ಬಾಗಿಲಲ್ಲಿ ಉಂಟು ಅದು? ಎಲ್ಲ ಒಲೆಗೆ ಹೋಗಿರ್ತದೆ. ನಾ ಮಾಡಿದ್ದು ಮಾತ್ರ ಉಳೀತದಾ?"

ಅವಳು ಎದ್ದು ಹೋದರೆ ಅತ್ತೆಯ ವಿದ್ಯೆ ಅಲ್ಲಿಗೆ ಮುಗಿಯಿತು. ನನ್ನ ಕೈಯಲ್ಲಂತೂ ಅದು ಉಳಿಯುವ ಬಾಬತ್ತಲ್ಲ.

ಈಗಿನ ಮದುಮಕ್ಕಳು ಮದುವೆಗೆ ಇನ್ನೂ ಆರೆಂಟು ತಿಂಗಳಿರುವಾಗಲೇ ಚಿತ್ರಗಳ ಜಾಲತಾಣ ಪಿಂಟರೆಸ್ಟ್‌ನಲ್ಲಿ ಚಿತ್ರ ಕೂಡಿಡುತ್ತಾರೆ ಅಂತ ನನಗೆ ಗೊತ್ತಿತ್ತು. ಮಂಟಪದ ಚಿತ್ರಗಳನ್ನು ಸೇರಿಸಿಡಲು ಒಂದು ಬೋರ್ಡು, ಜಡೆಗೊಂದು ಬೋರ್ಡು, ಬಾಗಿಲ ಅಲಂಕಾರಕ್ಕೊಂದು. ಕಂಪ್ಯೂಟರ್ ಕೋರ್ಸ್ ಮಾಡಿದ ಜಂಬ ಬೇರೆ ನನಗೆ. ನಮ್ಮದೊಂದು ಪುಟ್ಟ ವೆಬ್ ಪುಟ ಮಾಡಿ, ಅದರಲ್ಲಿ ವಾಟ್ಸಾಪ್ ನಂಬರ್ ಹಾಕಿ, ತೋರಣಗಳ ಫೋಟೊ ತೆಗೆದು ಪಿನ್ ಮಾಡಿ, ಅಂದರೆ ಪಿಂಟರೆಸ್ಟಿಗೆ ಏರಿಸಿ, ಪುಟದ ಕೊಂಡಿ ಕೊಟ್ಟೆ. ಕೆಲವು ವಾರ ಕಳೆದರೂ ಒಂದು ನರಪಿಳ್ಳೆಯೂ ಕೇಳಲಿಲ್ಲ.

"ನಮ್ಮದರ ಸಂಗ್ತಿಗೆ, ಅಕ್ಕಪಕ್ಕ, ಎಂತೆಂತ ಬರ್ತದೆ, ತೋರ್ಸು ನೋಡ್ವ" ಅಂದಳು ನಾದಿನಿ.

ಪಿಂಟರೆಸ್ಟಿನಲ್ಲಿ ಚಿತ್ರದ ಮೂಲೆಯ ಹುಡುಕುವ ಗುರುತನ್ನು ಒತ್ತಿದರೆ ಚಿತ್ರದ ಮೇಲೊಂದು ಚೌಕಟ್ಟು ಮೂಡುತ್ತದೆ. ಅದನ್ನು ಬೇಕಾದ ವಸ್ತುವಿನ ಮೇಲೆ ಕೂರಿಸಿದರೆ, ನೋಡಲು ಅದರಂತೆ ಕಾಣುವ ಬೇರೆ ಚಿತ್ರಗಳು ಕೆಳಗೆ ಸಾಲಾಗಿ ಬರುತ್ತವೆ. ನಾನು ಗತ್ತಿನಿಂದ ಒತ್ತಿದೆ. ಬಂದವು. ಪೊರಕೆ. ಮತ್ತೊಂದು ಪೊರಕೆ. ಒಂದು ನಾರಿನ ಕಾಲೊರಸು. ಮತ್ತೆ ಪೊರಕೆ, ಬಣ್ಣದ ಹಿಡಿಯದ್ದು.

ನಾದಿನಿಯ ಮಾತು ನಿಂತಿತು. ಮದುವೆ ಬಾಗಿಲಿಗೆ ಕಟ್ಟುವುದನ್ನು ಪೊರಕೆಗಳ ಜೊತೆ ಕೂರಿಸಿದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ನಾನಂತೂ ಫೋನಿಗೇ ಬಾಯಿಗೆ ಬಂದಂತೆ ಬೈದೆ.

ಬೈದು ಸುಸ್ತಾದ ಮೇಲೆ ಫೋಟೊ ನೋಡಿದೆ. ತಪ್ಪು ಫೋನಿನದಲ್ಲ. ಅದಕ್ಕೆ ಮೂಗಿಲ್ಲ, ಘಮ ಗೊತ್ತಿಲ್ಲ. ಕಣ್ಣಿಗೆ ಕಂಡ ಆಕಾರ ಮತ್ತು ಬಣ್ಣವೇ ಅದಕ್ಕೆ ಆಧಾರ. ನಾವು ತೋರಣವನ್ನು ಬಿಳಿ ಪಂಚೆಯ ಮೇಲೆ ಉದ್ದಕ್ಕೆ ಮಲಗಿಸಿ, ಕುಚ್ಚುಗಳನ್ನು ಒಂದೇ ಕಡೆ ಬಾಚಿ ಫೋಟೊ ತೆಗೆದಿದ್ದೆವು. ನಿಜ ಹೇಳಬೇಕೆಂದರೆ ನನಗೂ ಅದು ಪೊರಕೆಯಂತೆಯೇ ಕಂಡಿತು.

"ಬಾಗಿಲಿಗೆ ಕಟ್ಟಿ ತೆಗೆಯುವ" ಅಂದೆ.

"ಅದು ಆಗೂದಿಲ್ಲ. ಒಂದು ಬಾಗಿಲಿಗೆ ಕಟ್ಟಿದ್ದು ಮತ್ತೊಬ್ರ ಮನೆಗೆ ಕೊಡೂಕಾಗ" ಅಂದಳು. ಅತ್ತೆ ಪಾಲಿಸಿದ ಪದ್ಧತಿ ಅದು. ಒಂದು ಮನೆಯ ಶುಭಕ್ಕೆ ಕಟ್ಟಿದ ತೋರಣ ಆ ಮನೆಯದೇ. ಫೋಟೊಕ್ಕೆಂದು ಕಟ್ಟಿ ಬಿಚ್ಚಿ ಮಾರುವುದನ್ನು ಅವಳು ಸತ್ತರೂ ಒಪ್ಪುವವಳಲ್ಲ. ಎಂಥ ಮೊಂಡು ಅಂತ ಅಂದುಕೊಂಡು ತಲೆಯೆತ್ತಿದರೆ ನಮ್ಮದೇ ಬಾಗಿಲಲ್ಲಿ ಅತ್ತೆ ಕಟ್ಟಿದ ತೋರಣ ತೂಗುತ್ತಿತ್ತು.

ಹಳೆಯದು, ಬಣ್ಣ ಇಳಿದದ್ದು. ಆದರೂ ಬೆಳಗಿನ ಬೆಳಕು ಹಿಂದಿನಿಂದ ಬಿದ್ದಾಗ ಚಂದ ಕಂಡಿತು. ಹೊಸ್ತಿಲು, ಬಾಗಿಲ ದಾರಂದದ ಚೌಕಟ್ಟು ಎಲ್ಲ ಕಾಣುವಂತೆ ತೆಗೆದೆ.

"ಹಳೇದು ತೋರ್ಸಿ ಹೊಸ್ತು ಮಾರೂದು ಸುಳ್ಳಲ್ವ?" ಅಂದಳು ನಾದಿನಿ. ಅದಕ್ಕೂ ತಲೆಬಾಗಿ, ಇದು ನಮ್ಮ ಮನೆಯ ಹಳೆಯ ಲಾವಂಚದ ತೋರಣ, ಇದೇ ಮಾದರಿಯಲ್ಲಿ ಮದುವೆಗೂ ಮನೆಗೂ ಹೆಣೆದು ಕೊಡುತ್ತೇವೆ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಹಾಕಿದೆ. ಈ ಸಲ ಹುಡುಕಿದಾಗ ಅದರ ಜೊತೆ ಬಂದದ್ದು ಬಾಗಿಲ ತೋರಣಗಳು, ಪರದೆಗಳು, ಹೂ ಕಟ್ಟಿದ ಮದುವೆ ಮನೆಗಳು. ನಿಧಾನವಾಗಿ ಯಾರು ಯಾರೋ ನಮ್ಮ ಚಿತ್ರವನ್ನು ತಮ್ಮ ಬೋರ್ಡಿಗೆ ಸೇರಿಸಿಕೊಂಡರು. ಸೇರಿಸಿಕೊಂಡವರು ಕೊಳ್ಳಲಿಲ್ಲ. ದೀಪಾವಳಿ ಹತ್ತಿರ ಬಂತು. ಫ್ಯಾಕ್ಟರಿಗೆ ಹೋಗುವ ಬಸ್ಸು ಯಾವುದು ಅಂತ ನಾದಿನಿ ವಿಚಾರಿಸುವುದು ನನ್ನ ಕಿವಿಗೂ ಬಿತ್ತು.

ಆಗ ವಾಟ್ಸಾಪಿನಲ್ಲಿ ಭಟ್ಕಳದ ಒಬ್ಬ ಹೆಂಗಸಿನ ಸಂದೇಶ ಬಂತು. ಮಗಳ ನಿಕಾಹ್ ಇದೆ, ಮದುಮಗಳ ಕೋಣೆಯ ಬಾಗಿಲಿಗೆ ಇಂಥದೇ ಬೇಕು ಅಂತ ಒಂದು ಫೋಟೊ ಕಳಿಸಿದ್ದರು. ನಮ್ಮ ಪಿನ್ನಿನ ಫೋಟೊ ಇರಬೇಕು ಅಂದುಕೊಂಡೆ. ನಾದಿನಿ ಇಣುಕಿ ನೋಡಿ ಫೋನು ಕಸಿದುಕೊಂಡಳು.

"ಇದು ನಮ್ಮನೆ ಬಾಗಿಲಲ್ಲ." ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದಳು. ಕೆಂಪು ದಾರದ ಗಂಟಿನ ಬಾಲ ಎಡಕ್ಕೆ ಬಿದ್ದಿತ್ತು. ಅತ್ತೆ ಎಡಚರು. ಅವರ ಗಂಟು ಮಾತ್ರ ಹಾಗೆ ಬೀಳುತ್ತಿತ್ತು, ನಾದಿನಿಯದ್ದು ಬಲಕ್ಕೆ. "ಅಮ್ಮಂದು" ಅಂದಳು. ಮತ್ತೆ ಮಾತಿಲ್ಲ. ಸಿಟ್ಟಿನಿಂದಲ್ಲ.

ಹೊಸ ತೋರಣ ಕೊಡಲು ಇಬ್ಬರೂ ಭಟ್ಕಳಕ್ಕೆ ಹೋದೆವು. ಆ ಮನೆಯಾಕೆ ನಮ್ಮನ್ನು ಒಳಗೆ ಕೂರಿಸಿ ನೀರು, ಶರಬತ್ತು ಕೊಟ್ಟು, ಒಳಕೋಣೆಯ ಬಾಗಿಲಲ್ಲಿದ್ದ ಆ ಹಳೆಯ ತೋರಣ ತೋರಿಸಿದರು.

"ನಮ್ಮ ಅತ್ತೆ ಹೊನ್ನಾವರದ ಸಂತೆಯಿಂದ ತಂದದ್ದಂತೆ. ಅವರ ಕೋಣೆಗೆ ಕಟ್ಟಿದ್ದು, ನಾನು ತೆಗೀಲೇ ಇಲ್ಲ. ಇನ್ನೊಂದು ತರುವಾ ಅಂದ್ರೆ ಇದಕ್ಕೆ ಏನು ಹೇಳ್ತಾರೆ ಅಂತಲೇ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ್ದನ್ನ ಹೇಗೆ ಹುಡುಕೋದು? ಮಗಳು ಅದರದೇ ಫೋಟೊ ಹೊಡೆದು ಹುಡುಕಿದಳು. ನಿಮ್ಮ ಬಾಗಿಲು ಬಂತು."

ನಾದಿನಿ ಎದ್ದು ಆ ಬಾಗಿಲ ಹತ್ತಿರ ಹೋದಳು. ಲೋಟದ ನೀರಿಗೆ ಬೆರಳು ಅದ್ದಿ ಕುಚ್ಚುಗಳ ಮೇಲೆ ಚಿಮುಕಿಸಿದಳು, ಮೂಗು ತಾಗಿಸಿ ನಿಂತಳು. ತೀರ ತೆಳ್ಳಗೆ ಘಮ ಎದ್ದಿತು. ಅವಳ ಕಣ್ಣು ತುಂಬಿತು, ನನ್ನದೂ ತುಂಬಿತು.

ಮನೆಯಾಕೆಗೆ ಅರ್ಥವಾಯಿತು. "ನಿಮ್ಮ ತಾಯಿಯ ಕೈಯದ್ದಾ? ಹಾಗಾದ್ರೆ ತಗೊಂಡು ಹೋಗಿ, ನಿಮ್ಮ ಹತ್ತಿರ ಇರಲಿ" ಅಂತ ಬಿಚ್ಚಲು ಕೈ ಎತ್ತಿದರು.

"ಬೇಡ, ಬೇಡ" ಅಂದಳು ನಾದಿನಿ, ಅವರ ಕೈ ಹಿಡಿದು. "ಅದು ಈ ಬಾಗಿಲದ್ದು. ಇಲ್ಲೇ ಇರ್ಲಿ."

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಒಂದು ಮಾತೂ ಹೊರಡಲಿಲ್ಲ. ಹೊನ್ನಾವರ ಬರುವ ತನಕ ಅವಳೇ ಮಾತಾಡಿದಳು. ಈ ಸಲದ ಬೇರು ಗಿಡ್ಡ, ಉದ್ದದ್ದು ತರಿಸಬೇಕು, ಕೆಂಪು ದಾರ ಮುಗಿಯುತ್ತಾ ಬಂದಿದೆ, ನೀನು ಕುಚ್ಚು ಓರೆ ಕತ್ತರಿಸುತ್ತೀ ಅಂತ. ಗೇರುಬೀಜದ ಫ್ಯಾಕ್ಟರಿಯ ಸುದ್ದಿ ಬರಲಿಲ್ಲ. ನಾನೂ ಎತ್ತಲಿಲ್ಲ.